ಹತ್ತು ಶಾಟುಗಳಲ್ಲಿ ಒಬ್ಬಳೇ ಹುಡುಗಿ: ಕಿರುವಿಡಿಯೋಗೆ ಸ್ಟೋರಿಬೋರ್ಡ್ ಬರೆಯುವ ಕ್ರಮ

ಒಂದು ನಿಮಿಷದ ವಿಡಿಯೋ ಒಂದೇ ನಿಮಿಷದಲ್ಲಿ ತೆಗೆದದ್ದಲ್ಲ; ಎಂಟೋ ಹತ್ತೋ ತುಂಡುಗಳನ್ನು ಜೋಡಿಸಿ ಮಾಡಿದ್ದು. ಈ ತುಂಡಿಗೆ ಶಾಟ್ ಎಂದು ಹೆಸರು. ಒಂದು ಶಾಟ್ ಮುಗಿದು ಇನ್ನೊಂದು ಆರಂಭವಾಗುವುದರೊಳಗೆ ಕ್ಯಾಮೆರಾ ಎದ್ದು ಬೇರೊಂದು ಸ್ಥಳಕ್ಕೆ ಹೋಗಿರುತ್ತದೆ. ನಡುವೆ ಒಂದು ಗಂಟೆ ಕಳೆದಿರಬಹುದು, ಒಂದು ದಿನವೇ ಕಳೆದಿರಬಹುದು. ಆದರೂ ಪರದೆಯ ಮುಂದೆ ಕುಳಿತವನು ಮೊದಲ ಶಾಟಿನಲ್ಲಿ ಕಂಡ ಹುಡುಗಿಯೇ ಹತ್ತನೆಯ ಶಾಟಿನಲ್ಲಿಯೂ ಇರುವಳೆಂದೂ, ಅವಳು ಎಡೆಬಿಡದೆ ಒಂದೇ ಕೆಲಸವನ್ನು ಮಾಡುತ್ತಿರುವಳೆಂದೂ ನಂಬಬೇಕು. ಆ ನಂಬಿಕೆ ತಾನಾಗಿ ಹುಟ್ಟುವುದಿಲ್ಲ. ಹುಡುಗಿಯ ಮುಖ ಒಂದೇ ಆಗಿದ್ದರೆ ಸಾಕೆಂದು ಅನೇಕರು ತಿಳಿಯುತ್ತಾರೆ; ಸಾಲದು. ಅವಳು ನಡೆಯುವ ದಿಕ್ಕು, ನೋಡುವ ಕಡೆ, ಕೈಯಲ್ಲಿರುವ ವಸ್ತು, ಉಡುಪಿನ ಸ್ಥಿತಿ ಇವೆಲ್ಲವೂ ಒಂದು ಶಾಟಿನಿಂದ ಇನ್ನೊಂದಕ್ಕೆ ಕೂಡಿಬರಬೇಕು. ಇವನ್ನು ಕ್ಯಾಮೆರಾ ಹಿಡಿಯುವ ಮುನ್ನವೇ ಕಾಗದದ ಮೇಲೆ ಗೊತ್ತುಮಾಡಿಕೊಳ್ಳುವ ಸಾಧನವೇ ಸ್ಟೋರಿಬೋರ್ಡ್.

ಸ್ಟೋರಿಬೋರ್ಡ್ ಎಂದರೆ ಪ್ರತಿಯೊಂದು ಶಾಟಿಗೂ ಒಂದೊಂದು ಚೌಕಟ್ಟು ಎಳೆದು, ಆ ಚೌಕಟ್ಟಿನಲ್ಲಿ ಪರದೆಯ ಮೇಲೆ ಕಾಣತಕ್ಕದ್ದನ್ನು ಬರೆದು, ಅನುಕ್ರಮವಾಗಿ ಜೋಡಿಸಿದ ಚಿತ್ರಮಾಲೆ. ಅಮೆರಿಕದ ವಾಲ್ಟ್ ಡಿಸ್ನಿಯವರ ಸ್ಟುಡಿಯೋದಲ್ಲಿ ೧೯೩೦ರ ದಶಕದ ಆರಂಭದಲ್ಲಿ ರೇಖಾಚಿತ್ರಗಳನ್ನು ಹಲಗೆಯ ಮೇಲೆ ಸಾಲಾಗಿ ಗುಂಡುಸೂಜಿಯಿಂದ ಚುಚ್ಚಿ ಕಥೆಯನ್ನು ಪರಿಶೀಲಿಸುವ ಪದ್ಧತಿ ಬೆಳೆಯಿತು; ಹೆಸರಿನಲ್ಲಿರುವ ‘ಬೋರ್ಡ್’ ಆ ಹಲಗೆಯೇ. ನಮ್ಮ ದೇಶದಲ್ಲಿ ಸತ್ಯಜಿತ್ ರಾಯ್ ಅವರು ೧೯೫೫ರಲ್ಲಿ ತೆರೆಕಂಡ ‘ಪಥೇರ್ ಪಾಂಚಾಲಿ’ಗಾಗಿ ಪೂರ್ಣರೂಪದ ಚಿತ್ರಕಥೆಯನ್ನು ಬರೆಯದೆ, ಟಿಪ್ಪಣಿಗಳನ್ನೂ ಮಸಿಯಲ್ಲಿ ಬಿಡಿಸಿದ ದೃಶ್ಯಚಿತ್ರಗಳನ್ನೂ ಆಧಾರವಾಗಿ ಇಟ್ಟುಕೊಂಡಿದ್ದರು. ರಾಯ್ ಅವರು ನುರಿತ ಚಿತ್ರಕಾರರು. ಆದರೆ ಸ್ಟೋರಿಬೋರ್ಡಿಗೆ ಅಂತಹ ಕೈಚಳಕ ಬೇಕೇಬೇಕೆಂದಿಲ್ಲ. ತಲೆಗೆ ಒಂದು ಸೊನ್ನೆ, ಮೈಗೆ ಒಂದು ಗೆರೆ ಎಳೆಯಬಲ್ಲ ವಿದ್ಯಾರ್ಥಿಯೂ ಬರೆಯಬಹುದು. ಹೇಗೆಂಬುದನ್ನು ಒಂದು ಉದಾಹರಣೆಯ ಮೂಲಕವೇ ವಿವರಿಸುತ್ತೇವೆ.

ಕಥೆ ಮತ್ತು ಚೌಕಟ್ಟು

ನಾವು ಆಯ್ದುಕೊಂಡ ಕಥೆ ಬಹಳ ಸರಳವಾದುದು. ಒಬ್ಬ ಹುಡುಗಿ ಶಾಲೆಯ ಪುಸ್ತಕಾಲಯದಿಂದ ತಂದ ಪುಸ್ತಕವನ್ನು ಇಂದೇ ಹಿಂದಿರುಗಿಸಬೇಕು. ದಾರಿಯಲ್ಲಿ ಮಳೆ ಬರುತ್ತದೆ. ಗಾಳಿಗೆ ಕೊಡೆಯ ಕಡ್ಡಿ ಮುರಿಯುತ್ತದೆ. ಉಳಿದರ್ಧ ಕೊಡೆ ಒಂದನ್ನು ಮಾತ್ರ ಕಾಯಬಲ್ಲದು. ಅವಳು ಪುಸ್ತಕಕ್ಕೆ ಕೊಡೆ ಹಿಡಿದು ತಾನು ನೆನೆಯುತ್ತಾಳೆ. ಮಾತಿಲ್ಲ, ಒಬ್ಬಳೇ ನಟಿ. ಪುಸ್ತಕಾಲಯದ ಗುರುಗಳ ಕೈ ಮಾತ್ರ ಒಂದು ಶಾಟಿನಲ್ಲಿ ಕಾಣುತ್ತದೆ. ಸ್ಥಳಗಳು ನಾಲ್ಕು: ಮನೆಯ ಜಗಲಿ, ಅಡಕೆ ತೋಟದ ದಾರಿ, ತೋಡಿನ ಮೇಲಣ ಸಂಕ, ಶಾಲೆಯ ಪುಸ್ತಕಾಲಯ.

ಫೋನನ್ನು ಅಡ್ಡವಾಗಿ ಹಿಡಿದು ತೆಗೆದ ವಿಡಿಯೋದ ಅಗಲಕ್ಕೂ ಎತ್ತರಕ್ಕೂ ಸಾಮಾನ್ಯವಾಗಿ ೧೬ಕ್ಕೆ ೯ರ ಪ್ರಮಾಣ. ಆದುದರಿಂದ ಕಾಗದದಲ್ಲಿ ೮ ಸೆಂಟಿಮೀಟರ್ ಅಗಲ, ೪.೫ ಸೆಂಟಿಮೀಟರ್ ಎತ್ತರದ ಚೌಕಟ್ಟುಗಳನ್ನು ಎಳೆಯಬೇಕು. ಬೇರೆ ಆಕಾರದಲ್ಲಿ ಎಳೆದರೆ ಕಾಗದದಲ್ಲಿ ಹಿಡಿಸಿದ್ದು ಪರದೆಯಲ್ಲಿ ಹಿಡಿಸದು. ಚೌಕಟ್ಟಿನ ಕೆಳಗೆ ಸ್ಥಳ, ಶಾಟಿನ ಅಳತೆ, ಕ್ಯಾಮೆರಾದ ಎತ್ತರ, ಶಬ್ದ, ಎಷ್ಟು ಸೆಕೆಂಡು ಎಂಬುದನ್ನು ಬರೆದುಕೊಳ್ಳಬೇಕು. ಅಳತೆಗಳು ಮುಖ್ಯವಾಗಿ ಮೂರು. ಇಡೀ ವ್ಯಕ್ತಿಯೂ ಸುತ್ತಲಿನ ಸ್ಥಳವೂ ಕಂಡರೆ ಲಾಂಗ್ ಶಾಟ್. ಸೊಂಟದಿಂದ ಮೇಲೆ ಕಂಡರೆ ಮಿಡ್ ಶಾಟ್. ಮುಖವೋ ಕೈಯೋ ಮಾತ್ರ ಚೌಕಟ್ಟನ್ನು ತುಂಬಿದರೆ ಕ್ಲೋಸಪ್.

ನಮ್ಮ ಹತ್ತು ಚೌಕಟ್ಟುಗಳು ಹೀಗಿವೆ:

೧. ಜಗಲಿ. ಲಾಂಗ್ ಶಾಟ್. ಹುಡುಗಿ ಕುಳಿತು ಪುಸ್ತಕವನ್ನು ತಿರುವುತ್ತ, ಒಮ್ಮೆ ಆಕಾಶವನ್ನು ನೋಡುತ್ತಾಳೆ. ೮ ಸೆಕೆಂಡು.

೨. ಜಗಲಿ. ಕ್ಲೋಸಪ್. ಪುಸ್ತಕದ ಹಿಂಬದಿಯ ಚೀಟಿಯಲ್ಲಿ ಹಿಂದಿರುಗಿಸಬೇಕಾದ ತಾರೀಖಿನ ಮೇಲೆ ಅವಳ ಬೆರಳು. ೫ ಸೆಕೆಂಡು.

೩. ಜಗಲಿ. ಮಿಡ್ ಶಾಟ್. ಅವಳು ಎದ್ದು, ಪುಸ್ತಕವನ್ನು ಬಟ್ಟೆಯ ಚೀಲಕ್ಕೆ ಹಾಕಿ, ಕೊಡೆ ತೆಗೆದುಕೊಂಡು ಚೌಕಟ್ಟಿನ ಬಲಬದಿಯಿಂದ ಹೊರಹೋಗುತ್ತಾಳೆ. ೬ ಸೆಕೆಂಡು.

೪. ತೋಟದ ದಾರಿ. ಲಾಂಗ್ ಶಾಟ್. ಎಡಬದಿಯಿಂದ ಪ್ರವೇಶಿಸಿ ಬಲಕ್ಕೆ ನಡೆಯುತ್ತಾಳೆ. ಗುಡುಗು ಕೇಳಿಸುತ್ತದೆ. ೧೦ ಸೆಕೆಂಡು.

೫. ತೋಟದ ದಾರಿ. ಮಿಡ್ ಶಾಟ್, ಕ್ಯಾಮೆರಾ ನೆಲದ ಹತ್ತಿರ, ಮೇಲ್ಮುಖ. ಮೊದಲ ಹನಿಗಳು. ಕೊಡೆ ಗಾಳಿಗೆ ಮಗುಚಿ ಕಡ್ಡಿ ಮುರಿಯುತ್ತದೆ. ೬ ಸೆಕೆಂಡು.

೬. ತೋಟದ ದಾರಿ. ಮುಖದ ಕ್ಲೋಸಪ್. ಕೊಡೆಯನ್ನು ನೋಡಿ, ಚೀಲವನ್ನು ನೋಡಿ, ಚೀಲದ ಮೇಲೆ ಕೊಡೆಯನ್ನು ಬಾಗಿಸುತ್ತಾಳೆ. ೫ ಸೆಕೆಂಡು.

೭. ಸಂಕ. ಲಾಂಗ್ ಶಾಟ್, ಕ್ಯಾಮೆರಾ ಎತ್ತರದ ದಡದ ಮೇಲೆ. ಮಳೆಯಲ್ಲಿ ಎಡದಿಂದ ಬಲಕ್ಕೆ ದಾಟುತ್ತಾಳೆ. ಕೊನೆಯಲ್ಲಿ ಶಾಲೆಯ ಗಂಟೆ ಕೇಳಿಸುತ್ತದೆ. ೧೦ ಸೆಕೆಂಡು.

೮. ಪುಸ್ತಕಾಲಯದ ಬಾಗಿಲು. ಮಿಡ್ ಶಾಟ್. ಮುರಿದ ಕೊಡೆಯನ್ನು ಹೊಸ್ತಿಲ ಬಳಿ ಒರಗಿಸಿ ಒಳಬರುತ್ತಾಳೆ. ೮ ಸೆಕೆಂಡು.

೯. ಮೇಜು. ಕ್ಲೋಸಪ್. ಎಡದಿಂದ ಹುಡುಗಿಯ ಒದ್ದೆ ಕೈ ಪುಸ್ತಕವನ್ನು ಚಾಚುತ್ತದೆ. ಬಲದಿಂದ ಗುರುಗಳ ಕೈ ಅದನ್ನು ತೆಗೆದುಕೊಂಡು ಪುಟ ತೆರೆಯುತ್ತದೆ. ಪುಟ ಒಣಗಿದೆ. ೬ ಸೆಕೆಂಡು.

೧೦. ಮುಖದ ಕ್ಲೋಸಪ್. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದೆ, ಅವಳು ನಗುತ್ತಾಳೆ. ೬ ಸೆಕೆಂಡು.

ಒಟ್ಟು ೭೦ ಸೆಕೆಂಡು. ಕಥೆ ಇಷ್ಟೆ. ಆದರೆ ಈ ಹತ್ತು ಚಿತ್ರಗಳನ್ನು ಬರೆದ ಮಾತ್ರಕ್ಕೆ ಸ್ಟೋರಿಬೋರ್ಡ್ ಮುಗಿಯಲಿಲ್ಲ. ಇನ್ನು ಇವು ಒಂದಕ್ಕೊಂದು ಕೂಡುತ್ತವೆಯೇ ಎಂದು ನೋಡಬೇಕು.

ಬಾಣದ ಗುರುತು

ಪ್ರತಿ ಚೌಕಟ್ಟಿನಲ್ಲಿಯೂ ಹುಡುಗಿ ಚಲಿಸುವ ಅಥವಾ ನೋಡುವ ದಿಕ್ಕಿಗೆ ಒಂದು ಬಾಣವನ್ನು ಎಳೆಯಿರಿ. ಬಳಿಕ ಚಿತ್ರಗಳನ್ನು ಮರೆತು ಬಾಣಗಳನ್ನು ಮಾತ್ರ ಓದುತ್ತ ಹೋಗಿರಿ. ಮನೆಯಿಂದ ಶಾಲೆಗೆ ಹೋಗುವ ಈ ಕಥೆಯಲ್ಲಿ ಎಲ್ಲ ಬಾಣಗಳೂ ಎಡದಿಂದ ಬಲಕ್ಕೇ ಇರಬೇಕು. ಏಳನೆಯ ಬಾಣ ಮಾತ್ರ ಬಲದಿಂದ ಎಡಕ್ಕೆ ತಿರುಗಿದ್ದರೆ ಏನಾಗುತ್ತದೆ? ಹುಡುಗಿ ಸಂಕ ದಾಟಿ ಶಾಲೆಯ ಕಡೆಗೇ ಹೋಗುತ್ತಿದ್ದರೂ, ನೋಡುವವನು ‘ಮಳೆ ಬಂತೆಂದು ಮನೆಗೆ ಹಿಂದಿರುಗಿದಳು’ ಎಂದು ತಿಳಿಯುತ್ತಾನೆ. ಮುಂದಿನ ಶಾಟಿನಲ್ಲಿ ಅವಳು ಪುಸ್ತಕಾಲಯದ ಬಾಗಿಲಲ್ಲಿ ಕಾಣಿಸಿಕೊಂಡಾಗ ಅವನು ಗೊಂದಲಗೊಳ್ಳುತ್ತಾನೆ. ಹುಡುಗಿಯ ನಿಶ್ಚಯವೇ ಕಥೆಯ ಜೀವ. ಒಂದು ಬಾಣ ತಿರುಗಿದ್ದರಿಂದ ಆ ಜೀವವೇ ಹೋಯಿತು.

ಬಾಣ ತಿರುಗುವುದು ಹುಡುಗಿಯಿಂದಲ್ಲ, ಕ್ಯಾಮೆರಾದಿಂದ. ಅವಳು ನಡೆಯುವ ದಾರಿಯನ್ನು ನೆಲದ ಮೇಲೆ ಎಳೆದ ಒಂದು ಗೆರೆಯೆಂದು ಭಾವಿಸಿರಿ. ಕ್ಯಾಮೆರಾ ಅವಳ ಬಲಗೈಯ ಕಡೆ ಇದ್ದರೆ ಅವಳು ಪರದೆಯಲ್ಲಿ ಎಡದಿಂದ ಬಲಕ್ಕೆ ನಡೆಯುತ್ತಾಳೆ. ಕ್ಯಾಮೆರಾ ಗೆರೆಯನ್ನು ದಾಟಿ ಅವಳ ಎಡಗೈಯ ಕಡೆಗೆ ಹೋದರೆ, ಅವಳ ನಡಿಗೆ ಬದಲಾಗದಿದ್ದರೂ, ಪರದೆಯಲ್ಲಿ ಬಲದಿಂದ ಎಡಕ್ಕೆ ನಡೆಯುವಂತೆ ಕಾಣುತ್ತಾಳೆ. ಗೆರೆಯ ಒಂದೇ ಪಕ್ಕದ ಅರ್ಧವೃತ್ತದಲ್ಲಿ ಕ್ಯಾಮೆರಾ ಎಲ್ಲಿ ಬೇಕಾದರೂ ನಿಲ್ಲಬಹುದು. ಅದಕ್ಕಾಗಿಯೇ ಇದನ್ನು ೧೮೦ ಡಿಗ್ರಿಯ ನಿಯಮವೆನ್ನುತ್ತಾರೆ. ಸ್ಟೋರಿಬೋರ್ಡಿನ ಪಕ್ಕದಲ್ಲಿ ಪ್ರತಿಯೊಂದು ಸ್ಥಳಕ್ಕೂ ಮೇಲಿನಿಂದ ನೋಡಿದಂತೆ ಒಂದು ಸಣ್ಣ ನಕ್ಷೆ ಬರೆದು, ದಾರಿಗೆ ಗೆರೆಯನ್ನೂ ಕ್ಯಾಮೆರಾಕ್ಕೆ ಒಂದು ಚುಕ್ಕೆಯನ್ನೂ ಹಾಕಿದರೆ ತಪ್ಪು ಕೂಡಲೆ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಒಂದು ತೊಡಕು ಬರುತ್ತದೆ. ಸಂಕದ ಹತ್ತಿರ ಕ್ಯಾಮೆರಾ ನಿಲ್ಲಿಸಲು ತಕ್ಕ ಎತ್ತರದ ದಡ ಹುಡುಗಿಯ ಎಡಗೈಯ ಕಡೆಗೆ ಮಾತ್ರ ಇದೆಯೆಂದು ಇಟ್ಟುಕೊಳ್ಳಿರಿ. ಏನು ಮಾಡಬೇಕು? ಹುಡುಗಿಯನ್ನೇ ಸಂಕದ ಆಚೆಯ ತುದಿಯಿಂದ ಈಚೆಗೆ ನಡೆಸಬೇಕು. ಆಗ ಕ್ಯಾಮೆರಾ ಪುನಃ ಅವಳ ಬಲಗೈಯ ಕಡೆಗೆ ಬರುತ್ತದೆ, ಬಾಣ ಸರಿಹೋಗುತ್ತದೆ. ನಿಜವಾಗಿ ಅವಳು ಶಾಲೆಯಿಂದ ಮನೆಯ ಕಡೆಗೆ ನಡೆದಿದ್ದಾಳೆ. ಪರದೆಯಲ್ಲಿ ಮನೆಯಿಂದ ಶಾಲೆಗೆ ನಡೆಯುತ್ತಾಳೆ. ಊರಿನವರೊಬ್ಬರು ನಕ್ಕಾರು, ಆದರೆ ಕಥೆ ಕೆಡದು. ರಷ್ಯದ ಲೆವ್ ಕುಲೆಶೊವ್ ಎಂಬ ನಿರ್ದೇಶಕರು ೧೯೨೦ರ ದಶಕದ ಆರಂಭದಲ್ಲಿಯೇ ದೂರದೂರದ ಸ್ಥಳಗಳಲ್ಲಿ ತೆಗೆದ ಶಾಟುಗಳನ್ನು ಕೂಡಿಸಿ, ಎಲ್ಲವೂ ಒಂದೇ ಸ್ಥಳವೆಂಬ ಭಾವನೆ ಹುಟ್ಟಿಸಬಹುದೆಂದು ಪ್ರಯೋಗದಿಂದ ತೋರಿಸಿದ್ದರು. ಪರದೆಯ ಭೂಗೋಳವು ನೆಲದ ಭೂಗೋಳವಲ್ಲ. ಬಾಣಗಳಿಂದ ಕಟ್ಟಿದ ಭೂಗೋಳ.

ದಿಕ್ಕನ್ನು ಬದಲಾಯಿಸಲೇಬೇಕಾದರೆ ಅದಕ್ಕೂ ದಾರಿಯುಂಟು. ಹುಡುಗಿ ಕ್ಯಾಮೆರಾದ ಕಡೆಗೆ ನೇರವಾಗಿ ನಡೆದು ಬರುವ ಒಂದು ಶಾಟನ್ನು ನಡುವೆ ಇಟ್ಟರೆ, ಅದರಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಆಮೇಲೆ ಬಾಣ ತಿರುಗಿದರೂ ನೋಡುವವನಿಗೆ ತೊಂದರೆಯಾಗದು. ಇಲ್ಲವೆ ಅವಳು ದಾರಿಯ ತಿರುವಿನಲ್ಲಿ ತಿರುಗುವುದನ್ನು ಶಾಟಿನೊಳಗೇ ತೋರಿಸಬಹುದು.

ಕ್ಯಾಮೆರಾದ ಕೋನ

ಎರಡನೆಯ ಪರೀಕ್ಷೆ ಒತ್ತಿನೊತ್ತಿಗೆ ಬರುವ ಚೌಕಟ್ಟುಗಳದು. ಒಂದೇ ಸ್ಥಳದಲ್ಲಿ ಒಬ್ಬಳನ್ನೇ ತೋರಿಸುವ ಎರಡು ಶಾಟುಗಳು ಒಂದರ ಬಳಿಕ ಒಂದು ಬಂದಾಗ, ಅವುಗಳ ನಡುವೆ ಸ್ಪಷ್ಟವಾದ ವ್ಯತ್ಯಾಸವಿರಬೇಕು. ಕ್ಯಾಮೆರಾ ಸ್ವಲ್ಪವೇ ಸರಿದಿದ್ದರೆ, ಹಿಂದಣ ಗಿಡಮರಗಳು ಹಾಗೆಯೇ ಇದ್ದು ಹುಡುಗಿ ಮಾತ್ರ ಇದ್ದಲ್ಲಿಯೇ ಹಾರಿದಂತೆ ಕಾಣುತ್ತದೆ. ಇದಕ್ಕೆ ಜಂಪ್ ಕಟ್ ಎಂದು ಹೆಸರು. ಫ್ರಾನ್ಸಿನ ಝಾನ್ ಲ್ಯೂಕ್ ಗೊಡಾರ್ ಅವರು ೧೯೬೦ರ ತಮ್ಮ ಮೊದಲ ಕಥಾಚಿತ್ರದಲ್ಲಿ ಇಂತಹ ಜಿಗಿತಗಳನ್ನು ಬೇಕೆಂದೇ ಇಟ್ಟು ಹೆಸರಾದರು. ಆದರೆ ಪುಸ್ತಕ ಹೊತ್ತು ನಡೆಯುವ ನಮ್ಮ ಹುಡುಗಿಗೆ ಆ ಜಿಗಿತ ಬೇಡ.

ವ್ಯತ್ಯಾಸ ಎಷ್ಟಿರಬೇಕು? ಕ್ಯಾಮೆರಾದ ಸ್ಥಾನ ಕನಿಷ್ಠ ೩೦ ಡಿಗ್ರಿಯಷ್ಟಾದರೂ ಬದಲಾಗಬೇಕೆಂಬುದು ವಾಡಿಕೆ. ಅದರೊಂದಿಗೆ ಅಳತೆಯೂ ಬದಲಾದರೆ ಇನ್ನೂ ಮೇಲು. ನಿಮ್ಮ ಕಂಪಾಸು ಪೆಟ್ಟಿಗೆಯ ಕೋನಮಾಪಕವನ್ನು ನಕ್ಷೆಯಲ್ಲಿ ಹುಡುಗಿ ನಿಂತ ಚುಕ್ಕೆಯ ಮೇಲೆ ಇಟ್ಟು ಇದನ್ನು ಅಳೆಯಬಹುದು. ನೆಲದ ಮೇಲೆ ಅಳೆಯುವುದಾದರೆ, ಹುಡುಗಿಯಿಂದ ೩ ಮೀಟರ್ ದೂರದಲ್ಲಿದ್ದ ಕ್ಯಾಮೆರಾವನ್ನು ಅದೇ ದೂರದಲ್ಲಿ ಸುಮಾರು ಒಂದೂವರೆ ಮೀಟರ್ ಪಕ್ಕಕ್ಕೆ ಸರಿಸಿದರೆ ೩೦ ಡಿಗ್ರಿಯಾಗುತ್ತದೆ. ನಮ್ಮ ಸ್ಟೋರಿಬೋರ್ಡಿನಲ್ಲಿ ಐದನೆಯ ಶಾಟ್ ನೆಲದ ಹತ್ತಿರದಿಂದ ತೆಗೆದ ಮಿಡ್ ಶಾಟ್. ಆರನೆಯದು ಕಣ್ಣಿನ ಮಟ್ಟದಿಂದ ತೆಗೆದ ಕ್ಲೋಸಪ್. ಅಳತೆಯೂ ಎತ್ತರವೂ ಬದಲಾದುದರಿಂದ ನೋಡುವವನು ಅದನ್ನು ಜಿಗಿತವೆಂದು ಎಣಿಸದೆ, ಹೊಸ ನೋಟವೆಂದು ಒಪ್ಪುತ್ತಾನೆ.

ಕೋನವನ್ನು ಅಲಂಕಾರಕ್ಕಾಗಿ ಬದಲಾಯಿಸಬಾರದು, ಪ್ರತಿಯೊಂದಕ್ಕೂ ಕಾರಣವಿರಬೇಕು. ಐದನೆಯ ಶಾಟಿನಲ್ಲಿ ಕ್ಯಾಮೆರಾ ಕೆಳಗಿರುವುದು ಮಗುಚಿದ ಕೊಡೆಯೂ ಮೋಡ ಮುಸುಕಿದ ಆಕಾಶವೂ ಒಟ್ಟಿಗೆ ಕಾಣಲೆಂದು. ಏಳನೆಯದರಲ್ಲಿ ಕ್ಯಾಮೆರಾ ಮೇಲಿರುವುದು ಹುಡುಗಿ ಸಣ್ಣವಳಾಗಿಯೂ ಮಳೆ ದೊಡ್ಡದಾಗಿಯೂ ತೋರಲೆಂದು. ಒಂಬತ್ತು ಮತ್ತು ಹತ್ತು ಕಣ್ಣಿಗೆ ಹತ್ತಿರ, ಏಕೆಂದರೆ ಒಣಗಿದ ಪುಟವನ್ನೂ ನೆನೆದ ಮುಖವನ್ನೂ ನಾವು ಹೋಲಿಸಿ ನೋಡಬೇಕು.

ಇನ್ನು ಎರಡನೆಯ ಶಾಟಿನಿಂದ ಮೂರನೆಯದಕ್ಕೆ ಹೋಗುವ ಬಗೆಯನ್ನು ಗಮನಿಸಿರಿ. ಅವಳು ಪುಸ್ತಕ ಮುಚ್ಚಿ ಏಳುತ್ತಾಳೆ. ಪುಸ್ತಕ ಮುಚ್ಚುವ ಕ್ರಿಯೆಯನ್ನು ಎರಡನೆಯ ಶಾಟಿನಲ್ಲಿ ಪೂರ್ತಿಯಾಗಿಯೂ, ಮೂರನೆಯದರಲ್ಲಿ ಪುನಃ ಮೊದಲಿನಿಂದಲೂ ತೆಗೆಯಬೇಕು. ಸಂಕಲನ ಮಾಡುವಾಗ ಮೊದಲರ್ಧವನ್ನು ಒಂದರಿಂದ, ಉಳಿದರ್ಧವನ್ನು ಇನ್ನೊಂದರಿಂದ ತೆಗೆದುಕೊಂಡು ಚಲನೆಯ ನಡುವೆಯೇ ಕತ್ತರಿಸಿದರೆ, ಕಣ್ಣು ಚಲನೆಯನ್ನು ಹಿಂಬಾಲಿಸುತ್ತದೆ, ಕಟ್ ಮರೆಯಾಗುತ್ತದೆ. ಸ್ಟೋರಿಬೋರ್ಡಿನಲ್ಲಿ ಈ ಎರಡು ಚೌಕಟ್ಟುಗಳ ಕೆಳಗೂ ‘ಪುಸ್ತಕ ಮುಚ್ಚುವುದು’ ಎಂದು ಬರೆದಿರದಿದ್ದರೆ ಸ್ಥಳದಲ್ಲಿ ಯಾರಿಗೂ ನೆನಪಾಗದು.

ಒದ್ದೆಯ ಲೆಕ್ಕ

ಮೂರನೆಯ ಪರೀಕ್ಷೆ ನಟಿಯ ಸ್ಥಿತಿಯದು. ಇದೇ ಎಲ್ಲಕ್ಕಿಂತ ತೊಡಕಾದುದು. ಏಕೆಂದರೆ ವಿಡಿಯೋವನ್ನು ಕಥೆಯ ಕ್ರಮದಲ್ಲಿ ತೆಗೆಯಲು ಸಾಮಾನ್ಯವಾಗಿ ಆಗುವುದಿಲ್ಲ. ನಮ್ಮ ಕಥೆಯಲ್ಲಿ ಪುಸ್ತಕಾಲಯದ ಕಿಟಕಿ ಮೂಡಣಕ್ಕಿದ್ದು ಬೆಳಗ್ಗೆ ಮಾತ್ರ ಒಳ್ಳೆಯ ಬೆಳಕು ಬರುವುದೆಂದೂ, ಅದು ಬಿಡುವಾಗಿರುವುದು ಶನಿವಾರವೆಂದೂ ಇಟ್ಟುಕೊಳ್ಳೋಣ. ಮನೆ, ತೋಟ, ಸಂಕಗಳಿಗೆ ಭಾನುವಾರ ಗೊತ್ತಾಗಿದೆ. ಆಗ ೮, ೯, ೧೦ನೆಯ ಶಾಟುಗಳೇ ಮೊದಲು. ಕಥೆಯ ಆರಂಭ ಮರುದಿನ. ಅಂದರೆ ಹುಡುಗಿ ಶನಿವಾರ ನೆನೆದಿರಬೇಕು, ಭಾನುವಾರ ಒಣಗಿರಬೇಕು, ಬಳಿಕ ಶನಿವಾರದಂತೆಯೇ ಪುನಃ ನೆನೆಯಬೇಕು.

ಇದಕ್ಕಾಗಿ ಪ್ರತಿ ಚೌಕಟ್ಟಿನ ಕೆಳಗೆ ಸ್ಥಿತಿಯೆಂಬ ಒಂದು ಸಾಲನ್ನು ಸೇರಿಸಬೇಕು. ಒಣಗಿದ್ದರೆ ಸೊನ್ನೆ, ಭುಜದ ಮೇಲೆ ನಾಲ್ಕಾರು ಹನಿ ಬಿದ್ದಿದ್ದರೆ ಒಂದು, ಪೂರ್ತಿ ನೆನೆದಿದ್ದರೆ ಎರಡು ಎಂದು ಅಂಕೆ ಕೊಡಬಹುದು. ಒಂದರಿಂದ ನಾಲ್ಕನೆಯ ಶಾಟಿನವರೆಗೆ ಸೊನ್ನೆ. ಐದು ಮತ್ತು ಆರರಲ್ಲಿ ಒಂದು. ಏಳರಿಂದ ಹತ್ತರವರೆಗೆ ಎರಡು. ಪುಸ್ತಕಕ್ಕೆ ಬೇರೆಯೇ ಅಂಕೆ ಬೇಕು, ಅದು ಕೊನೆಯವರೆಗೂ ಸೊನ್ನೆ. ಒಂಬತ್ತನೆಯ ಶಾಟನ್ನು ನೋಡಿರಿ: ಪುಸ್ತಕ ಒಣಗಿದೆಯೆಂಬ ಒಂದೇ ನೆನಪಿನಿಂದ ಹುಡುಗಿಯ ಕೈಯನ್ನೂ ತೋಳನ್ನೂ ಒಣಗಿಸಿಟ್ಟರೆ, ಕಥೆಯ ತಿರುಳೇ ಕಳೆದುಹೋಗುತ್ತದೆ. ಕೈ ಎರಡು, ಪುಸ್ತಕ ಸೊನ್ನೆ. ಆ ಎರಡು ಅಂಕೆಗಳ ಅಂತರವೇ ನಮ್ಮ ಕಥೆ.

ಕೈಯಲ್ಲಿರುವ ವಸ್ತುಗಳಿಗೂ ಇದೇ ಕಟ್ಟು. ಕ್ಯಾಮೆರಾ ಯಾವಾಗಲೂ ಅವಳ ಬಲಗೈಯ ಕಡೆ ಇರುವುದರಿಂದ ಚೀಲ ಬಲಭುಜದಲ್ಲಿರಬೇಕು. ಎಡಭುಜದಲ್ಲಿದ್ದರೆ ಮೈಯ ಮರೆಯಲ್ಲಿ ಅಡಗುತ್ತದೆ. ಕೊಡೆ ಎಡಗೈಯಲ್ಲಿ, ಮುಖಕ್ಕೆ ಅಡ್ಡವಾಗದಂತೆ. ಎಂಟನೆಯ ಶಾಟಿನಲ್ಲಿ ಕೊಡೆಯನ್ನು ಹೊಸ್ತಿಲ ಬಳಿ ಇಡುವುದನ್ನು ತೋರಿಸದೆ ಒಂಬತ್ತಕ್ಕೆ ಹೋದರೆ ‘ಕೊಡೆ ಎಲ್ಲಿ ಹೋಯಿತು?’ ಎಂದು ಮಕ್ಕಳೇ ಕೇಳುತ್ತಾರೆ.

ಅಂಕೆಗಳು ಸ್ಥೂಲವಾದ ಲೆಕ್ಕ ಮಾತ್ರ; ಸೂಕ್ಷ್ಮಕ್ಕೆ ಭಾವಚಿತ್ರ ಬೇಕು. ಶನಿವಾರ ಎಂಟನೆಯ ಶಾಟ್ ಆರಂಭವಾಗುವ ಕ್ಷಣದಲ್ಲಿ ಹುಡುಗಿಯನ್ನು ನಿಲ್ಲಿಸಿ ಎದುರಿನಿಂದ, ಬಲಗಡೆಯಿಂದ, ಹಿಂದಿನಿಂದ ಮೂರು ಫೋಟೋ ತೆಗೆದಿಡಬೇಕು. ಯಾವ ಜಡೆ ಮುಂದಕ್ಕೆ ಬಿದ್ದಿದೆ, ಯಾವ ರಿಬ್ಬನ್ ಸಡಿಲಿದೆ, ಲಂಗದಲ್ಲಿ ಒದ್ದೆ ಎಲ್ಲಿಯವರೆಗೆ ಏರಿದೆ ಎಂಬುದು ಅದರಲ್ಲಿರುತ್ತದೆ. ಭಾನುವಾರ ಏಳನೆಯ ಶಾಟ್ ತೆಗೆಯುವ ಮುನ್ನ ಆ ಫೋಟೋ ನೋಡಿಕೊಂಡೇ ಅವಳನ್ನು ನೆನೆಸಬೇಕು. ದೊಡ್ಡ ಚಿತ್ರಗಳಲ್ಲಿ ಈ ಒಂದೇ ಕೆಲಸಕ್ಕೆ ಒಬ್ಬರನ್ನು ನೇಮಿಸುವ ರೂಢಿಯುಂಟು. ಶಾಲೆಯ ತಂಡದಲ್ಲಿ ಕಣ್ಣು ಚುರುಕಾಗಿರುವ ಒಬ್ಬ ವಿದ್ಯಾರ್ಥಿಗೆ ಇದನ್ನು ವಹಿಸಿ, ಅವನಿಗೆ ಬೇರೆ ಯಾವ ಕೆಲಸವನ್ನೂ ಕೊಡಬಾರದು.

ಭಾನುವಾರದ ಕೆಲಸದಲ್ಲಿ ಒಂದು ನಿಯಮ ಮುರಿಯತಕ್ಕದ್ದಲ್ಲ: ನೀರು ಹಾಕುವ ಮುನ್ನ ಮೊದಲ ನಾಲ್ಕು ಶಾಟುಗಳನ್ನೂ ಫೋನಿನಲ್ಲಿ ತಿರುಗಿ ನೋಡಿ ಒಪ್ಪಿಕೊಂಡಿರಬೇಕು. ಉಡುಪನ್ನು ಬದಲಾಯಿಸಬಹುದು, ನೆನೆದ ಕೂದಲನ್ನು ಟವೆಲಿನಿಂದ ಎಷ್ಟು ಒರಸಿದರೂ ಕ್ಯಾಮೆರಾ ಅದನ್ನು ಕಂಡುಹಿಡಿಯುತ್ತದೆ.

ಮಳೆಯ ವಿಷಯದಲ್ಲಿ ಹೆತ್ತವರಿಗೆ ಒಂದು ಮಾತು. ಮಳೆಗಾಲದಲ್ಲಿ ತುಂಬಿ ಹರಿಯುವ ತೋಡಿನ ಸಂಕದ ಮೇಲೆ ಯಾವ ಮಗುವನ್ನೂ ಇದಕ್ಕಾಗಿ ನಡೆಸಕೂಡದು. ನೀರು ಇಳಿದ ಕಾಲದಲ್ಲಿ, ತಗ್ಗಾದ ಸಂಕದ ಮೇಲೆ, ಮೋಡ ಕವಿದ ದಿನ ತೋಟಕ್ಕೆ ನೀರು ಬಿಡುವ ಪೈಪಿನಿಂದ ಮೇಲಕ್ಕೆ ನೀರು ಚಿಮ್ಮಿಸಿದರೆ ಸಾಕು. ಹನಿಗಳು ಎದುರು ಬೆಳಕಿನಲ್ಲಿ ಕಾಣುವುದಿಲ್ಲ. ಬೆಳಕು ಅವುಗಳ ಹಿಂದಿನಿಂದ ಬಂದು, ಹಿನ್ನೆಲೆ ಕಪ್ಪಾಗಿದ್ದರೆ ಮಾತ್ರ ಹೊಳೆಯುತ್ತವೆ. ಆದುದರಿಂದ ಅಡಕೆ ಮರಗಳ ನೆರಳು ಹಿಂದೆ ಬರುವಂತೆ ಚೌಕಟ್ಟನ್ನು ಬರೆದುಕೊಳ್ಳಬೇಕು. ಕೃತಕ ಮಳೆಗೆ ಬಿಸಿಲು ಬಿದ್ದರೆ ಮೋಸ ತಕ್ಷಣ ಬಯಲಾಗುತ್ತದೆ.

ಸ್ಥಳದಿಂದ ಸ್ಥಳಕ್ಕೆ

ಕೊನೆಯದಾಗಿ ದೃಶ್ಯಗಳ ಬದಲಾವಣೆ. ಜಗಲಿ ಮರೆಯಾಗಿ ತೋಟ ಕಾಣಿಸಿಕೊಂಡಾಗ ಎಲ್ಲವೂ ಬದಲಾಗುತ್ತದೆ, ಹುಡುಗಿಯೊಬ್ಬಳನ್ನು ಬಿಟ್ಟು. ಈ ಒಂದು ಸಂಗತಿಯಿಂದಲೇ ಹಾಸ್ಯವನ್ನು ಹುಟ್ಟಿಸಿದವರು ಅಮೆರಿಕದ ಮೂಕಚಿತ್ರಗಳ ನಟ ಬಸ್ಟರ್ ಕೀಟನ್. ೧೯೨೪ರ ‘ಶರ್ಲಾಕ್ ಜೂನಿಯರ್’ ಚಿತ್ರದಲ್ಲಿ ಅವರ ಪಾತ್ರ ಕನಸಿನಲ್ಲಿ ಸಿನಿಮಾ ಪರದೆಯೊಳಗೇ ನಡೆದು ಹೋಗುತ್ತದೆ. ಅಲ್ಲಿ ಅವರು ನಿಂತಲ್ಲಿಯೇ ನಿಂತಿರುವಾಗ ಸುತ್ತಲಿನ ತೋಟ ಬೀದಿಯಾಗುತ್ತದೆ, ಬೀದಿ ಬೆಟ್ಟದ ಅಂಚಾಗುತ್ತದೆ, ಸಮುದ್ರದ ಬಂಡೆಯಿಂದ ಧುಮುಕಿದರೆ ಹಿಮದಲ್ಲಿ ಬೀಳುತ್ತಾರೆ. ಪ್ರತಿ ಸ್ಥಳದಲ್ಲಿಯೂ ಕ್ಯಾಮೆರಾದಿಂದ ತಮಗಿರುವ ದೂರವನ್ನು ಭೂಮಾಪನದ ಉಪಕರಣಗಳಿಂದ ಅಳೆದು ಹಿಂದಿನ ಶಾಟಿಗೆ ಸರಿಹೊಂದಿಸಿದುದರಿಂದ ಇದು ಸಾಧ್ಯವಾಯಿತು. ೧೯೪೫ರಲ್ಲಿ ಮಾಯಾ ಡೆರೆನ್ ಎಂಬ ಮಹಿಳೆ ತಮ್ಮ ಒಂದು ಪುಟ್ಟ ನೃತ್ಯಚಿತ್ರದಲ್ಲಿ ಇದನ್ನೇ ಬೇರೆ ರೀತಿ ಬಳಸಿದರು: ನರ್ತಕನು ಕಾಡಿನಲ್ಲಿ ಎತ್ತಿದ ಕಾಲನ್ನು ಮನೆಯೊಳಗಿನ ಕೋಣೆಯಲ್ಲಿ ಇಳಿಸುತ್ತಾನೆ. ಚಲನೆ ಮುರಿಯದೆ ಇರುವುದರಿಂದ ಸ್ಥಳ ಬದಲಾದರೂ ಮನುಷ್ಯ ಒಬ್ಬನೇ ಎಂದು ಕಣ್ಣು ಒಪ್ಪುತ್ತದೆ.

ನಮ್ಮ ಕಥೆಯಲ್ಲಿ ಇಷ್ಟು ಚಮತ್ಕಾರ ಬೇಡ. ತತ್ತ್ವ ಮಾತ್ರ ಸಾಕು. ಮೂರನೆಯ ಶಾಟಿನಲ್ಲಿ ಹುಡುಗಿ ಬಲಬದಿಯಿಂದ ಪೂರ್ತಿಯಾಗಿ ಹೊರಹೋದ ಮೇಲೆ ಬರಿದಾದ ಜಗಲಿಯನ್ನು ಒಂದು ಸೆಕೆಂಡು ಉಳಿಸಿ, ನಾಲ್ಕನೆಯದರಲ್ಲಿ ಎಡಬದಿಯಿಂದ ಒಳತರಬೇಕು. ಆ ಬರಿದಾದ ಒಂದು ಸೆಕೆಂಡು ‘ಅವಳು ಅಷ್ಟು ದೂರ ನಡೆದಳು’ ಎಂದು ಮಾತಿಲ್ಲದೆ ಹೇಳುತ್ತದೆ. ಏಳರಿಂದ ಎಂಟಕ್ಕೆ ಹೋಗುವಾಗ ಶಬ್ದದ ನೆರವನ್ನು ಪಡೆದಿದ್ದೇವೆ. ಸಂಕ ಇನ್ನೂ ಕಾಣುತ್ತಿರುವಾಗಲೇ ಶಾಲೆಯ ಗಂಟೆ ಕೇಳಿಸುತ್ತದೆ. ಕಿವಿ ಕಣ್ಣಿಗಿಂತ ಮೊದಲು ಶಾಲೆಯನ್ನು ಮುಟ್ಟಿರುತ್ತದೆ. ಮಳೆಯ ಸದ್ದನ್ನು ಎಂಟನೆಯ ಶಾಟಿನಲ್ಲಿಯೂ ಹೊರಗಿನಿಂದ ಬರುವಂತೆ ಮೆಲ್ಲಗೆ ಮುಂದುವರಿಸಿದರೆ, ಎರಡು ಬೇರೆ ದಿನಗಳಲ್ಲಿ ತೆಗೆದ ಶಾಟುಗಳು ಒಂದೇ ಮಳೆಯ ಕೆಳಗೆ ಕೂಡುತ್ತವೆ.

ಇಷ್ಟಾದ ಮೇಲೆ ಹತ್ತು ಚಿತ್ರಗಳನ್ನೂ ಮನೆಯಲ್ಲಿ ಕಥೆ ತಿಳಿಯದ ಒಬ್ಬರಿಗೆ, ಅಜ್ಜಿಗೋ ತಮ್ಮನಿಗೋ, ಗಡಿಯಾರ ನೋಡುತ್ತ ಬರೆದಷ್ಟೇ ಸೆಕೆಂಡು ಒಂದೊಂದಾಗಿ ತೋರಿಸಿರಿ. ಏನನ್ನೂ ವಿವರಿಸಬೇಡಿರಿ. ಬಳಿಕ ಮೂರು ಪ್ರಶ್ನೆ ಕೇಳಿರಿ: ಅವಳು ಎಲ್ಲಿಗೆ ಹೋದಳು? ಹುಡುಗಿ ಒಬ್ಬಳೇ ಅಥವಾ ಇಬ್ಬರೇ? ಅವಳು ನೆನೆದು ಪುಸ್ತಕ ನೆನೆಯದೆ ಇದ್ದುದು ಏಕೆ? ಮೊದಲನೆಯದಕ್ಕೆ ಉತ್ತರ ತಪ್ಪಿದರೆ ಬಾಣವನ್ನು ನೋಡಿರಿ. ಎರಡನೆಯದು ತಪ್ಪಿದರೆ ಸ್ಥಿತಿಯ ಸಾಲನ್ನು ನೋಡಿರಿ. ಮೂರನೆಯದು ತಪ್ಪಿದರೆ ಆರನೆಯ ಚೌಕಟ್ಟು ಸಾಲದಾಗಿದೆ; ಚೀಲದ ಮೇಲೆ ಬಾಗುವ ಕೊಡೆಗೆ ಇನ್ನೆರಡು ಸೆಕೆಂಡು ಕೊಡಬೇಕು, ಇಲ್ಲವೆ ಅದಕ್ಕೆಂದೇ ಒಂದು ಕ್ಲೋಸಪ್ ಸೇರಿಸಬೇಕು. ಕಾಗದದಲ್ಲಿ ಈ ತಿದ್ದುಪಡಿಗೆ ರಬ್ಬರೊಂದು ಸಾಕು. ಚಿತ್ರೀಕರಣ ಮುಗಿದ ಮೇಲಾದರೆ ಇನ್ನೊಂದು ಭಾನುವಾರ ಬೇಕು.

ಸ್ಟೋರಿಬೋರ್ಡ್ ಮಾಡಲಾಗದ ಕೆಲಸವೂ ಉಂಟು. ಹತ್ತನೆಯ ಶಾಟಿನ ನಗು ಹೇಗಿರಬೇಕೆಂಬುದನ್ನು ಗೆರೆಯಲ್ಲಿ ಬರೆಯಲಾಗದು. ಅದು ಆ ಹುಡುಗಿಯ ಪಾಲಿನದು. ಗಾಳಿ ಎಷ್ಟು ಬೀಸೀತು, ಕೊಡೆ ಯಾವಾಗ ಮಗುಚೀತು ಎಂಬುದನ್ನೂ ಗೊತ್ತುಮಾಡಲಾಗದು. ಸ್ಥಳದಲ್ಲಿ ಇನ್ನೂ ಒಳ್ಳೆಯ ನೋಟವೊಂದು ಕಂಡರೆ ಅದನ್ನು ಬಿಡಬೇಕಾದುದೂ ಇಲ್ಲ. ಆದರೆ ತೆಗೆಯುವ ಮುನ್ನ ಚೌಕಟ್ಟನ್ನು ತಿದ್ದಿ, ಬಾಣವೂ ಅಂಕೆಯೂ ಹಿಂದುಮುಂದಿನ ಚೌಕಟ್ಟುಗಳಿಗೆ ಕೂಡುವುವೇ ಎಂದು ನೋಡಿಕೊಳ್ಳಬೇಕು.

ಅಭ್ಯಾಸ

೧. ನಾಲ್ಕನೆಯ ಮತ್ತು ಐದನೆಯ ಶಾಟುಗಳಿಗೆ ತೋಟದ ದಾರಿಯ ನಕ್ಷೆಯನ್ನು ಬರೆದು, ಕ್ಯಾಮೆರಾದ ಎರಡು ಸ್ಥಾನಗಳನ್ನು ಗುರುತಿಸಿರಿ. ಅವುಗಳ ನಡುವಣ ಕೋನವನ್ನು ಕೋನಮಾಪಕದಿಂದ ಅಳೆಯಿರಿ.

೨. ಆರನೆಯ ಮತ್ತು ಏಳನೆಯ ಶಾಟುಗಳ ನಡುವೆ ಹುಡುಗಿಯ ಪಾದಗಳ ಒಂದು ಕ್ಲೋಸಪ್ಪನ್ನು ಸೇರಿಸಿರಿ. ತೋಟದಲ್ಲಿ ಎತ್ತಿದ ಹೆಜ್ಜೆಯನ್ನು ಸಂಕದ ಮೇಲೆ ಇಳಿಸುವಂತೆ ಎರಡು ಚೌಕಟ್ಟುಗಳಲ್ಲಿ ಬರೆಯಿರಿ. ಅವುಗಳ ಸ್ಥಿತಿಯ ಅಂಕೆ ಎಷ್ಟು?

೩. ಪುಸ್ತಕ ಒಪ್ಪಿಸಿದ ಹುಡುಗಿ ಮನೆಗೆ ಹಿಂದಿರುಗುವ ಹನ್ನೊಂದನೆಯ ಶಾಟನ್ನು ಬರೆಯಿರಿ. ಮಳೆ ನಿಂತಿದೆ, ಚೀಲದಲ್ಲಿ ಹೊಸ ಪುಸ್ತಕವೊಂದಿದೆ. ಇದರಲ್ಲಿ ಬಾಣ ಯಾವ ಕಡೆಗೆ?